ಗಾಡಿ ಹೊರಟಿದೆ ಎಂದರೆ, ಯಾವ ಗಾಡಿ?

ಸರಕು ಬುಕ್ ಮಾಡಿ ನಾಲ್ಕು ದಿನ ಕಳೆದ ಮೇಲೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಗಾಡಿ ಹೊರಟಿದೆ, ಎರಡು ದಿನದಲ್ಲಿ ಸೇರುತ್ತೆ." ಹೇಳುವವರು ಬೇಕೆಂದೇ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಅಂಗಳದಿಂದ ಗಾಡಿ ಹೊರಟಿರುವುದು ನಿಜವೇ. ಆದರೆ ಹೊರಟದ್ದು ಯಾವ ಗಾಡಿ, ಅದು ಎಲ್ಲಿಯವರೆಗೆ ಹೋಗುತ್ತದೆ, ನಮ್ಮ ಸರಕು ಪೂರ್ತಿಯಾಗಿ ಅದರಲ್ಲಿದೆಯೇ ಎಂಬ ಮೂರು ಮಾತು ಆ ಉತ್ತರದಲ್ಲಿಲ್ಲ. ಕೇಳುವವರೂ ಗಾಡಿ ನಂಬರ್ ಒಂದನ್ನು ಬರೆದುಕೊಂಡು, ಎಲ್ಲ ತಿಳಿದಂತಾಯಿತೆಂದು ಸುಮ್ಮನಾಗುತ್ತಾರೆ. ಸರಕು ಸಿಗದಿದ್ದಾಗ ಹುಡುಕಾಟ ತಪ್ಪು ಜಾಗದಿಂದ ಶುರುವಾಗುವುದು ಇಲ್ಲಿಂದಲೇ.

ಒಂದಿಡೀ ಲಾರಿಯನ್ನು ನಮಗಾಗಿಯೇ ಬಾಡಿಗೆಗೆ ಪಡೆದಾಗ, ಅಂದರೆ ಫುಲ್ ಲೋಡ್ ಕಳಿಸುವಾಗ, ಈ ತೊಡಕು ಅಷ್ಟಾಗಿ ಇರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತುಂಬಿದ ಲಾರಿಯೇ ಸಾಮಾನ್ಯವಾಗಿ ದೂರದ ಊರಿನ ಗೋದಾಮಿನ ಮುಂದೆ ನಿಲ್ಲುತ್ತದೆ. ಅಲ್ಲಿ ಗಾಡಿ ಎಲ್ಲಿದೆಯೋ ಸರಕೂ ಅಲ್ಲೇ. ಹತ್ತಿಪ್ಪತ್ತು ಪೆಟ್ಟಿಗೆ ಕಳಿಸುವ ಸಣ್ಣ ತಯಾರಕರ, ನೇಕಾರರ, ಅಂಗಡಿಯವರ ಸರಕು ಹೀಗೆ ಹೋಗುವುದಿಲ್ಲ. ಅದು ಪಾರ್ಟ್ ಲೋಡ್. ಅನೇಕರ ಸರಕಿನ ಜೊತೆ ಒಂದೇ ಲಾರಿಯಲ್ಲಿ, ಅದೂ ಎರಡು ಮೂರು ಗಾಡಿ ಬದಲಿಸುತ್ತ, ನಡುನಡುವೆ ಗೋದಾಮುಗಳಲ್ಲಿ ಇಳಿಯುತ್ತ ಹತ್ತುತ್ತ ಹೋಗುತ್ತದೆ. ಈ ದಾರಿಯಲ್ಲಿ ಗಾಡಿ ನಂಬರ್ ಬದಲಾಗುತ್ತಲೇ ಇರುತ್ತದೆ. ಬದಲಾಗದೆ ಸರಕಿನ ಜೊತೆ ಕೊನೆಯವರೆಗೂ ಬರುವುದು ಲಾರಿ ರಸೀದಿಯ ನಂಬರ್ ಮಾತ್ರ.

ಲಾರಿ ರಸೀದಿಯನ್ನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಎಲ್.ಆರ್. ಎನ್ನುತ್ತಾರೆ. ಉತ್ತರ ಭಾರತದ ಶಾಖೆಗೆ ಫೋನ್ ಮಾಡಿದರೆ ಅದನ್ನೇ ಬಿಲ್ಟಿ ಎನ್ನುವುದು ಕೇಳಿಸುತ್ತದೆ. ಕಳಿಸಿದವರು, ಪಡೆಯುವವರು, ಎಷ್ಟು ನಗ, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ, ಬಾಡಿಗೆ ಇಲ್ಲೇ ಕೊಟ್ಟಿದ್ದೋ ಅಲ್ಲಿ ಕೊಡಬೇಕಾದದ್ದೋ, ಇಷ್ಟೂ ಅದರಲ್ಲಿರುತ್ತದೆ. 1865ರ ಹಳೆಯ ಕಾಯ್ದೆಯನ್ನು ತೆಗೆದು ತಂದ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಸಾಗಣೆದಾರರು ರಸೀದಿಯನ್ನು ಮೂರು ಪ್ರತಿಗಳಲ್ಲಿ ಮಾಡಿ ಮೂಲ ಪ್ರತಿಯನ್ನು ಕಳಿಸಿದವರಿಗೆ ಕೊಡಬೇಕು. ರಸೀದಿಯಲ್ಲಿ ಬರೆದ ತೂಕಕ್ಕೆ, ನಗದ ಸಂಖ್ಯೆಗೆ ಆ ರಸೀದಿಯೇ ಮೇಲ್ನೋಟದ ಸಾಕ್ಷ್ಯ ಎಂದೂ ಕಾಯ್ದೆ ಹೇಳುತ್ತದೆ. 18 ನಗ ಎಂದು ಬರೆದುಕೊಟ್ಟ ಮೇಲೆ 17ನ್ನು ಮಾತ್ರ ತಲುಪಿಸಿದರೆ, ಉಳಿದ ಒಂದು ಏನಾಯಿತೆಂದು ವಿವರಿಸುವ ಹೊಣೆ ಸಾಗಣೆದಾರರ ಮೇಲೆ ಬೀಳುತ್ತದೆ. ಜಿಎಸ್‌ಟಿ ನಿಯಮಗಳು ಸಾಗಣೆದಾರರ ದಾಖಲೆಯಲ್ಲಿ ವಾಹನದ ನೋಂದಣಿ ಸಂಖ್ಯೆಯೂ ಇರಬೇಕೆನ್ನುತ್ತವೆ. ಆದ್ದರಿಂದ ಎಲ್.ಆರ್. ವಿವರವನ್ನೂ ಗಾಡಿ ನಂಬರನ್ನೂ ಕೇಳುವಾಗ ಅಳುಕುವ ಅಗತ್ಯವಿಲ್ಲ. ಆ ವಿವರ ಸಿಗುವುದು ಸರಕು ಕಳಿಸಿದವರ ಹಕ್ಕು.

ಹಕ್ಕು ಇದ್ದರೆ ಸಾಲದು, ಯಾರನ್ನು, ಯಾವಾಗ, ಏನು ಕೇಳಬೇಕೆಂಬುದೂ ಗೊತ್ತಿರಬೇಕು. ಅದಕ್ಕಾಗಿ ಒಂದು ಪ್ರಸಂಗವನ್ನು ಇಟ್ಟುಕೊಳ್ಳೋಣ.

ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವ ಒಂದು ಸಣ್ಣ ಘಟಕ. ಮಾಲೀಕರು ಜಿಎಸ್‌ಟಿ ನೋಂದಣಿ ಇರುವ ಒಬ್ಬ ಮಹಿಳೆ. ಅಹಮದಾಬಾದಿನ ಅಂಗಡಿಯೊಂದಕ್ಕೆ 1,20,000 ರೂಪಾಯಿ ಬೆಲೆಯ ಆಟಿಕೆಗಳನ್ನು 18 ಪೆಟ್ಟಿಗೆಗಳಲ್ಲಿ ಕಳಿಸಬೇಕು. ಒಟ್ಟು ತೂಕ 216 ಕೆ.ಜಿ., ಬಾಡಿಗೆ 2,700 ರೂಪಾಯಿ. ತಿಂಗಳ 5ನೇ ತಾರೀಕು, ಸೋಮವಾರ ಮಧ್ಯಾಹ್ನ ಟ್ರಾನ್ಸ್‌ಪೋರ್ಟಿನ ಹುಡುಗ ಬಂದು ಪೆಟ್ಟಿಗೆ ಎಣಿಸಿ ಒಂದು ಚೀಟಿ ಕೊಟ್ಟು ಹೋದ. ಈ ಚೀಟಿ ಎಲ್.ಆರ್. ಅಲ್ಲ. ಸರಕನ್ನು ಎತ್ತಿಕೊಂಡು ಹೋದದ್ದಕ್ಕೆ ಗುರುತು, ಅಷ್ಟೇ. ಅನೇಕ ಆಫೀಸುಗಳಲ್ಲಿ ದಿನದ ಸರಕೆಲ್ಲ ಬಂದು ತೂಕವಾದ ಮೇಲೆ ಸಂಜೆ ಅಥವಾ ರಾತ್ರಿ ಎಲ್.ಆರ್. ಮಾಡುತ್ತಾರೆ. ಮರುದಿನ ಬೆಳಿಗ್ಗೆಯೇ ಎಲ್.ಆರ್. ಪ್ರತಿಯ ಸ್ಪಷ್ಟ ಫೋಟೊ ತರಿಸಿಕೊಳ್ಳುವುದು ಇದಕ್ಕಾಗಿಯೇ. ಫೋನಿನಲ್ಲಿ ನಂಬರ್ ಕೇಳಿ ಬರೆದುಕೊಂಡರೆ ಮುಂದಿನ ಅಕ್ಷರವೋ ಶಾಖೆಯ ಸಂಕೇತವೋ ಬಿಟ್ಟುಹೋಗುತ್ತದೆ. ಅಹಮದಾಬಾದಿನಲ್ಲಿ ಆ ನಂಬರ್ ಹಾಕಿ ನೋಡಿದವರಿಗೆ ಬೇರೆ ಯಾರದೋ ಸರಕು ಕಾಣುತ್ತದೆ, ಇಲ್ಲವೇ ಏನೂ ಕಾಣುವುದಿಲ್ಲ. ಫೋಟೊ ಬಂದ ಕೂಡಲೇ ನಗ 18 ಎಂದಿದೆಯೇ, ಊರು ಸರಿಯಿದೆಯೇ, ಪಡೆಯುವವರ ಫೋನ್ ನಂಬರ್ ಇದೆಯೇ ಎಂದು ನೋಡಿಬಿಡಬೇಕು. ಪೆಟ್ಟಿಗೆಗಳು ಇನ್ನೂ ಹತ್ತಿರದಲ್ಲೇ ಇರುವಾಗ ತಪ್ಪನ್ನು ತಿದ್ದಿಸುವುದು ಸುಲಭ.

ಶುಕ್ರವಾರ 9ನೇ ತಾರೀಕು ಅಹಮದಾಬಾದಿನ ಅಂಗಡಿಯವರು ಕೇಳಿದರು, ಮಾಲು ಎಲ್ಲಿ? ಇವರ ಹತ್ತಿರ ಒಂದು ಗಾಡಿ ನಂಬರ್ ಇತ್ತು, ಕೆಎ 42ರಿಂದ ಶುರುವಾಗುವುದು. ಬುಕಿಂಗ್ ಆಫೀಸಿಗೆ ಫೋನ್ ಮಾಡಿದರು.

"ಅಣ್ಣಾ, ಸೋಮವಾರ ಕಳಿಸಿದ್ವಲ್ಲಾ ಅಹಮದಾಬಾದ್ ಮಾಲು, ಎಲ್ಲಿದೆ ಈಗ?"

"ಹೋಗಿದೆ ಮೇಡಂ. ಗಾಡಿ ನಂಬರ್ ಕೊಟ್ಟಿದ್ದೀನಲ್ಲಾ."

"ಆ ಗಾಡಿ ಅಹಮದಾಬಾದಿಗೇ ಹೋಗುತ್ತಾ, ಬೆಂಗಳೂರಿಗಷ್ಟೇನಾ?"

"ಅದು ಬೆಂಗಳೂರಿಗೆ ಮೇಡಂ. ಅಲ್ಲಿಂದ ಬೇರೆ ಗಾಡಿಗೆ ಹಾಕ್ತಾರೆ."

ಇಡೀ ಸಂಭಾಷಣೆಯಲ್ಲಿ ತಿರುವು ಕೊಟ್ಟದ್ದು ಆ ಮೂರನೆಯ ಮಾತು. ಕೆಎ 42 ರಾಮನಗರದ ನೋಂದಣಿ. ಊರೂರು ಸುತ್ತಿ ಸರಕು ಕೂಡಿಸಿ ಬೆಂಗಳೂರಿನ ಗೋದಾಮಿಗೆ ಮುಟ್ಟಿಸುವ ಟೆಂಪೊ ಅದು. ಆ ನಂಬರನ್ನು ಹಿಡಿದು ಎಷ್ಟು ಹುಡುಕಿದರೂ ಗಾಡಿ ಅಷ್ಟರಲ್ಲಿ ಚನ್ನಪಟ್ಟಣಕ್ಕೆ ವಾಪಸ್ ಬಂದು ನಿಂತಿರುತ್ತದೆ. ನಂಬರ್ ನೋಡಿಯೇ ಎಲ್ಲವನ್ನೂ ತೀರ್ಮಾನಿಸಲೂ ಬಾರದು. ದೂರದ ಓಟದ ಎಷ್ಟೋ ಲಾರಿಗಳು ನಾಗಾಲ್ಯಾಂಡಿನ ಎನ್‌ಎಲ್ 01 ನೋಂದಣಿಯವು. ಗುಜರಾತಿಗೆ ಹೋಗಬೇಕಾದ ಮಾಲು ನಾಗಾಲ್ಯಾಂಡಿನ ಗಾಡಿಯಲ್ಲಿದೆ ಎಂದು ಗಾಬರಿಯಾಗಬೇಕಿಲ್ಲ. ಮೊದಲ ಅಕ್ಷರಗಳು ಗಾಡಿ ಎಲ್ಲಿ ನೋಂದಣಿಯಾಗಿದೆ ಎನ್ನುತ್ತವೆಯೇ ಹೊರತು ಎಲ್ಲಿಗೆ ಹೋಗುತ್ತಿದೆ ಎನ್ನುವುದಿಲ್ಲ.

ಚನ್ನಪಟ್ಟಣದ ಆಫೀಸಿನವರಿಗೆ ಬೆಂಗಳೂರಿನ ಆಚೆಯದು ತಿಳಿಯದಿರುವುದು ಸಹಜ. ಅಹಮದಾಬಾದಿನ ದಾರಿ, ಅಂದರೆ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಹಾಯ್ದು ಪುಣೆ, ಮುಂಬಯಿ ಕಡೆಯಿಂದ ಮೇಲೇರುವ 48ನೇ ರಾಷ್ಟ್ರೀಯ ಹೆದ್ದಾರಿಯ ಸರಕನ್ನು ಬೆಂಗಳೂರಿನ ಗೋದಾಮಿನಲ್ಲಿ ಬೇರೆಯಾಗಿ ಜೋಡಿಸುತ್ತಾರೆ. ಲಾರಿ ತುಂಬುವಷ್ಟು ಸರಕು ಆ ಕಡೆಗೆ ಕೂಡುವವರೆಗೆ ಪೆಟ್ಟಿಗೆಗಳು ಅಲ್ಲೇ ಇರುತ್ತವೆ. ಪಾರ್ಟ್ ಲೋಡಿನಲ್ಲಿ ದಿನ ಕಳೆಯುವುದು ಹೆಚ್ಚಾಗಿ ಇಂಥ ಗೋದಾಮುಗಳಲ್ಲೇ. ಲಾರಿಗೆ ಹೇರುವಾಗ ಒಂದು ಪಟ್ಟಿ ಮಾಡುತ್ತಾರೆ. ಕೆಲವರು ಅದನ್ನು ಚಲನ್ ಎನ್ನುತ್ತಾರೆ, ಕೆಲವರು ಮೆಮೊ, ಇನ್ನು ಕೆಲವರು ಲೋಡಿಂಗ್ ಶೀಟ್. ಆ ಲಾರಿಯಲ್ಲಿ ಹೋದ ಪ್ರತಿಯೊಂದು ಎಲ್.ಆರ್. ನಂಬರ್, ಅದರ ಎದುರಿಗೆ ಹೇರಿದ ನಗದ ಸಂಖ್ಯೆ ಆ ಪಟ್ಟಿಯಲ್ಲಿರುತ್ತವೆ. ಎಲ್.ಆರ್. ನಂಬರನ್ನೂ ಗಾಡಿ ನಂಬರನ್ನೂ ಒಂದಕ್ಕೊಂದು ಕಟ್ಟುವ ಕಾಗದ ಇದೇ. "ಗಾಡಿ ಹೊರಟಿದೆ" ಎಂದವರಿಗೆ ಚಲನ್ ನಂಬರ್ ಕೇಳಿದಾಗ ಅದು ಇಲ್ಲವೆಂದಾದರೆ, ಸರಕು ಇನ್ನೂ ಗೋದಾಮಿನಲ್ಲೇ ಇದೆ ಎಂದು ತಿಳಿಯಬೇಕು.

ಹಾಗಾಗಿ ಬೆಂಗಳೂರಿನ ಗೋದಾಮಿಗೆ ಆಕೆ ವಾಟ್ಸ್ಆ್ಯಪಿನಲ್ಲಿ ಬರೆದ ಸಂದೇಶ ಹೀಗಿತ್ತು:

"ನಮಸ್ಕಾರ ಸಾರ್. ಚನ್ನಪಟ್ಟಣದಲ್ಲಿ 5ನೇ ತಾರೀಕು ಬುಕ್ ಆದ ಅಹಮದಾಬಾದ್ ಮಾಲು, 18 ನಗ, 216 ಕೆ.ಜಿ. ಎಲ್.ಆರ್. ಫೋಟೊ ಕಳಿಸಿದ್ದೇನೆ. ದಯವಿಟ್ಟು ಇಷ್ಟು ತಿಳಿಸಿ: ಈಗ ಯಾವ ಗಾಡಿಗೆ ಹಾಕಿದ್ದೀರಿ, ಚಲನ್ ನಂಬರ್ ಏನು, ಯಾವ ದಿನ ಹೊರಟಿತು, ಚಲನ್‌ನಲ್ಲಿ ನಮ್ಮದು ಎಷ್ಟು ನಗ ಇದೆ. ದಾರಿಯಲ್ಲಿ ಮತ್ತೆ ಗಾಡಿ ಬದಲಾಗುತ್ತಾ? ಅಹಮದಾಬಾದಿನಲ್ಲಿ ಯಾವ ಶಾಖೆಯಿಂದ ಡೆಲಿವರಿ, ಅಲ್ಲಿನ ಫೋನ್ ನಂಬರ್ ಕೊಡಿ."

ಈ ಸಂದೇಶದಲ್ಲಿ ದೂರಿಲ್ಲ, ತಡವಾಯಿತೆಂಬ ಸಿಟ್ಟಿಲ್ಲ. ದಿನವಿಡೀ ನೂರಾರು ಎಲ್.ಆರ್. ನೋಡುವ ಗುಮಾಸ್ತರಿಗೆ ಹುಡುಕಲು ಬೇಕಾದುದೆಲ್ಲ ಮೊದಲ ಎರಡು ಸಾಲಿನಲ್ಲೇ ಇದೆ. "ನಮ್ಮ ಮಾಲು ಎಲ್ಲಿ" ಎಂಬ ಪ್ರಶ್ನೆಗೆ "ಬರ್ತಾ ಇದೆ" ಎಂದು ಹೇಳಿ ಮುಗಿಸಬಹುದು. "ಚಲನ್‌ನಲ್ಲಿ ಎಷ್ಟು ನಗ" ಎಂದರೆ ಪಟ್ಟಿ ತೆಗೆದು ನೋಡದೆ ಗತಿಯಿಲ್ಲ. ಬರಹದಲ್ಲಿ ಕೇಳಿದ್ದರಿಂದ ಉತ್ತರವೂ ತಾರೀಕಿನ ಸಮೇತ ಬರಹದಲ್ಲೇ ಉಳಿಯುತ್ತದೆ.

ಉತ್ತರ ಬಂತು. ಗಾಡಿ ಎನ್‌ಎಲ್ 01ರದ್ದು, 8ನೇ ತಾರೀಕು ಗುರುವಾರ ರಾತ್ರಿ ಹೊರಟಿದೆ. ಚಲನ್‌ನಲ್ಲಿ ಇವರ ಎಲ್.ಆರ್. ಎದುರಿಗೆ ಇರುವುದು 17 ನಗ.

ಒಂದು ಪೆಟ್ಟಿಗೆ ಹತ್ತಿಲ್ಲ. ನಗದ ಲೆಕ್ಕ ಕೇಳದೆ ಬರೀ ಗಾಡಿ ನಂಬರ್ ಕೇಳಿದ್ದರೆ ಈ ಸಂಗತಿ ಅಹಮದಾಬಾದಿನಲ್ಲಿ ಸರಕು ಇಳಿಸುವಾಗ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಬೆಂಗಳೂರಿನ ಗೋದಾಮಿನ ಆ ಮೂಲೆಯಲ್ಲಿ ನಾಲ್ಕಾರು ದಿನಗಳ ಬೇರೆ ಸರಕು ಬಂದು ಬಿದ್ದಿರುತ್ತಿತ್ತು. ಶುಕ್ರವಾರವೇ ಹುಡುಕಿದ್ದರಿಂದ ಪೆಟ್ಟಿಗೆ ಬೇರೊಂದು ಊರಿನ ಸಾಲಿನಲ್ಲಿ ಸಿಕ್ಕಿತು. ಅದರ ಮೇಲಿನ ಕಾಗದದ ಚೀಟಿ ಕಿತ್ತುಹೋಗಿತ್ತು. ಗೋದಾಮಿನಲ್ಲಿ ಹಮಾಲರು ಸರಕು ಸಾಗಿಸುವುದು ಪೆಟ್ಟಿಗೆಯ ಮೇಲೆ ಕಾಣುವ ಗುರುತನ್ನು ನೋಡಿ. ಒಂದು ಅಂಟುಚೀಟಿಯನ್ನು ನಂಬಿದರೆ, ಅದು ಹೋದ ಕ್ಷಣ ಪೆಟ್ಟಿಗೆ ಅನಾಥ. ಪ್ರತಿ ಪೆಟ್ಟಿಗೆಯ ಎರಡು ಬದಿಗೂ ಮಾಸದ ಮಾರ್ಕರಿನಲ್ಲಿ ಊರಿನ ಹೆಸರು, ಪಡೆಯುವವರ ಹೆಸರು, ಜೊತೆಗೆ 18ರಲ್ಲಿ ಇದು ಎಷ್ಟನೆಯದು ಎಂದು ದೊಡ್ಡದಾಗಿ ಬರೆದಿದ್ದರೆ ಇಷ್ಟು ಪೇಚಾಟ ಇರುತ್ತಿರಲಿಲ್ಲ. ಉತ್ತರದ ಊರಿಗೆ ಹೋಗುವ ಸರಕಿನ ಮೇಲೆ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಬರೆಯಬೇಕು, ಅಲ್ಲಿ ಇಳಿಸುವವರು ಓದಬೇಕಲ್ಲ.

ಟ್ರಾನ್ಸ್‌ಪೋರ್ಟಿನವರ ಮಾತನ್ನು ಪರಿಶೀಲಿಸಲು ಕಳಿಸಿದವರ ಕೈಯಲ್ಲೇ ಇನ್ನೊಂದು ದಾರಿ ಇದೆ, ಅದೇ ಇ-ವೇ ಬಿಲ್. 2018ರ ಏಪ್ರಿಲ್ 1ರಿಂದ, 50,000 ರೂಪಾಯಿಗಿಂತ ಹೆಚ್ಚಿನ ಸರಕು ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಇದು ಬೇಕು. ಇದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಸರಕಿನ, ಇನ್‌ವಾಯ್ಸಿನ ವಿವರ. ಎರಡನೆಯ ಭಾಗದಲ್ಲಿ, ಅಂದರೆ ಪಾರ್ಟ್-ಬಿಯಲ್ಲಿ, ಗಾಡಿ ನಂಬರ್ ಮತ್ತು ಸಾಗಣೆ ದಾಖಲೆಯ ನಂಬರ್. ಕಳಿಸುವವರು ಮೊದಲ ಭಾಗ ತುಂಬಿ, ಸಾಗಣೆದಾರರ ಐಡಿ ಹಾಕಿದರೆ, ಪಾರ್ಟ್-ಬಿಯನ್ನು ಸಾಗಣೆದಾರರು ತುಂಬುತ್ತಾರೆ. ಗಾಡಿ ಬದಲಾದಾಗಲೆಲ್ಲ ಹೊಸ ನಂಬರ್ ಸೇರಿಸಬೇಕೆಂಬುದು ನಿಯಮ. ಬಿಲ್ ಮಾಡಿದವರು ewaybillgst.gov.in ತಾಣಕ್ಕೆ ತಮ್ಮ ಲಾಗಿನ್‌ನಲ್ಲಿ ಹೋಗಿ ಆ ಬಿಲ್ಲನ್ನು ಮತ್ತೆ ತೆರೆದರೆ, ಪಾರ್ಟ್-ಬಿಯಲ್ಲಿ ಯಾವ ಗಾಡಿ, ಎಲ್ಲಿಂದ, ಯಾವಾಗ ದಾಖಲಾಯಿತು ಎಂಬುದು ಒಂದರ ಕೆಳಗೊಂದು ಕಾಣುತ್ತದೆ. ನಾಲ್ಕು ದಿನವಾದರೂ ಅಲ್ಲಿ ಕೆಎ 42ರ ಟೆಂಪೊ ಒಂದೇ ಇದ್ದರೆ, ಸರಕು ಬೆಂಗಳೂರು ಬಿಟ್ಟಿಲ್ಲ, ಇಲ್ಲವೇ ನಮೂದಿಸದೆ ಕಳಿಸಿದ್ದಾರೆ. ಎರಡರಲ್ಲಿ ಯಾವುದಾದರೂ ಆ ದಿನವೇ ಫೋನ್ ಮಾಡಬೇಕಾದ ವಿಷಯ. ಆದರೆ ದಾಖಲಾದ ಸಮಯವೇ ಗಾಡಿ ಹೊರಟ ಸಮಯ ಎಂದುಕೊಳ್ಳಬಾರದು. ನಂಬರ್ ಸಂಜೆ ತುಂಬಿ, ಲಾರಿ ಮರುದಿನ ಹೊರಡುವುದೂ ಉಂಟು.

ಇಲ್ಲಿ ಅವಧಿಯ ಲೆಕ್ಕವೂ ಇದೆ. ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ, ಅಥವಾ ಅದರ ಭಾಗಕ್ಕೆ, ಒಂದು ದಿನ. ಚನ್ನಪಟ್ಟಣದಿಂದ ಅಹಮದಾಬಾದಿಗೆ ಸುಮಾರು 1,550 ಕಿ.ಮೀ. ಎಂದು ಹಿಡಿದರೆ ಎಂಟು ದಿನ. ಪಾರ್ಟ್-ಬಿಯಲ್ಲಿ ಮೊದಲ ಗಾಡಿ ನಂಬರ್ ಬಿದ್ದಾಗಿನಿಂದ ಈ ಲೆಕ್ಕ ಶುರು. 5ನೇ ತಾರೀಕು ಟೆಂಪೊ ನಂಬರ್ ಹಾಕಿದ್ದರಿಂದ 13ರ ಮಧ್ಯರಾತ್ರಿಗೆ ಬಿಲ್ಲಿನ ಅವಧಿ ಮುಗಿಯುತ್ತದೆ. ಗೋದಾಮಿನಲ್ಲಿ ಕಳೆದ ಮೂರು ದಿನವೂ ಅದರಲ್ಲಿ ಸೇರಿದೆ. 17 ಪೆಟ್ಟಿಗೆ 12ಕ್ಕೆ ಮುಟ್ಟುತ್ತವೆ, ಚಿಂತೆಯಿಲ್ಲ. ಉಳಿದ ಒಂದು ಶನಿವಾರ ರಾತ್ರಿಯ ಲಾರಿಯಲ್ಲಿ ಹೊರಟು 14ಕ್ಕೆ ಸೇರುವುದಾದರೆ, ಆ ಎರಡನೆಯ ಗಾಡಿಯನ್ನು ಬಿಲ್ಲಿಗೆ ಸೇರಿಸಬೇಕು, ಅವಧಿಯನ್ನೂ ವಿಸ್ತರಿಸಬೇಕು. ವಿಸ್ತರಿಸಲು ಇರುವ ಸಮಯ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯವರೆಗೆ ಮಾತ್ರ. ವಿಸ್ತರಿಸುವವರು ಸಾಗಣೆದಾರರು, ನೆನಪಿಸಬೇಕಾದವರು ಕಳಿಸಿದವರು. ಅವಧಿ ಮೀರಿದ ಬಿಲ್ಲಿನ ಸರಕನ್ನು ದಾರಿಯಲ್ಲಿ ಅಧಿಕಾರಿಗಳು ತಡೆದು ದಂಡ ಕೇಳಬಹುದು. ಆಗ ಒಂದು ಪೆಟ್ಟಿಗೆಯ ಪ್ರಶ್ನೆ ಬೇರೆಯೇ ಆಗುತ್ತದೆ.

ಸರಿಯಾದ ಗಾಡಿ ನಂಬರ್ ಸಿಕ್ಕ ಮೇಲೂ ಅದರಿಂದ ಏನು ತಿಳಿಯಬಹುದು, ಏನು ಸಾಧ್ಯವಿಲ್ಲ ಎಂಬುದಕ್ಕೆ ಮಿತಿ ಇದೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿ ಯಾವ ಬಗೆಯದು, ಫಿಟ್ನೆಸ್ ಮತ್ತು ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಲಾರಿ ಎಂದು ಹೇಳಿದ ನಂಬರ್ ಅಲ್ಲಿ ಕಾರೋ ಬೈಕೋ ಎಂದು ತೋರಿಸಿದರೆ, ಬರೆದುಕೊಳ್ಳುವಾಗ ತಪ್ಪಿದೆ ಅಥವಾ ಅದಕ್ಕಿಂತ ಕೆಟ್ಟದ್ದು ನಡೆದಿದೆ. ಫುಲ್ ಲೋಡ್ ಕಳಿಸುವವರು ಹೇರುವುದಕ್ಕೆ ಮೊದಲೇ ಇದನ್ನು ನೋಡಿ, ನಂಬರ್ ಪ್ಲೇಟನ್ನು ಆರ್.ಸಿ. ಜೊತೆ ಹೋಲಿಸಿಕೊಳ್ಳಬೇಕು. ಆದರೆ ಗಾಡಿ ಈಗ ಎಲ್ಲಿದೆ ಎಂದು ಆ ಆ್ಯಪ್ ಹೇಳುವುದಿಲ್ಲ. ಅದನ್ನು ಗಾಡಿಯ ಜಿಪಿಎಸ್ ಅಥವಾ ಫಾಸ್ಟ್ಯಾಗ್ ಲೆಕ್ಕ ಹೇಳುತ್ತದೆ, ಅವೆರಡೂ ಗಾಡಿಯವರ ಬಳಿ ಇರುತ್ತವೆ. "ಕೊನೆಯ ಟೋಲ್ ಯಾವುದು ದಾಟಿತು, ಎಷ್ಟು ಹೊತ್ತಿಗೆ" ಎಂದು ಕೇಳಿದರೆ ಟ್ರಾನ್ಸ್‌ಪೋರ್ಟಿನವರು ತಮ್ಮ ಫೋನಿನಲ್ಲೇ ನೋಡಿ ಹೇಳಬಹುದು. ಅಂದಾಜಿನ ಉತ್ತರಕ್ಕಿಂತ ಅದು ಎಷ್ಟೋ ಮೇಲು.

ಡ್ರೈವರ್ ನಂಬರ್ ಕೊಡಿ ಎಂದು ಹಟ ಹಿಡಿಯುವವರಿದ್ದಾರೆ. ಪಾರ್ಟ್ ಲೋಡಿನಲ್ಲಿ ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಒಂದೇ ಲಾರಿಯಲ್ಲಿ ಎಷ್ಟೋ ಜನರ ಸರಕಿರುವಾಗ ಎಲ್ಲರೂ ಫೋನ್ ಮಾಡತೊಡಗಿದರೆ ರಾತ್ರಿಯಿಡೀ ಗಾಡಿ ಓಡಿಸುವ ಮನುಷ್ಯ ಏನು ಮಾಡಬೇಕು? ಓಡಿಸುವಾಗ ಫೋನ್ ಹಿಡಿಯುವುದು ಅವನಿಗೂ ರಸ್ತೆಯಲ್ಲಿರುವ ಉಳಿದವರಿಗೂ ಅಪಾಯ. ಅವನಿಗೆ ನಿಮ್ಮ ಎಲ್.ಆರ್. ಯಾವುದೆಂದು ಗೊತ್ತಿರುವುದೂ ಇಲ್ಲ. ಕೇಳಬೇಕಾದದ್ದು ಹೇರಿದ ಗೋದಾಮಿನವರನ್ನು, ಮತ್ತು ಇಳಿಸಿಕೊಳ್ಳುವ ಶಾಖೆಯವರನ್ನು.

ಇಳಿಸಿಕೊಳ್ಳುವ ಶಾಖೆಯ ಫೋನ್ ನಂಬರನ್ನೂ ಎಲ್.ಆರ್. ಫೋಟೊವನ್ನೂ ಪಡೆಯುವವರಿಗೆ ಮೊದಲೇ ಕಳಿಸಿಬಿಡಬೇಕು. ಸರಕು ಅಲ್ಲಿ ಬಂದು ಇಳಿದಿದ್ದರೂ ಪಡೆಯುವವರಿಗೆ ಸುದ್ದಿ ಮುಟ್ಟದೆ ಗೋದಾಮಿನಲ್ಲಿ ಉಳಿದು, ಕೊನೆಗೆ ಡೆಮರೇಜ್ ಕಟ್ಟಿ ಬಿಡಿಸಿಕೊಂಡ ಉದಾಹರಣೆಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಸರಕು ಬಿಡಿಸಿಕೊಳ್ಳುವಾಗ ಸಹಿಗೆ ಮೊದಲು ಎಣಿಸಬೇಕು. 17 ಬಂದಿದ್ದರೆ ಸಾಗಣೆದಾರರ ಪ್ರತಿಯ ಮೇಲೆಯೇ "17 ನಗ ಬಂದಿದೆ, 1 ಬಾಕಿ" ಎಂದು ಬರೆದು ಸಹಿ ಮಾಡಬೇಕು. ಒದ್ದೆಯಾಗಿದ್ದರೆ, ಒಡೆದಿದ್ದರೆ ಅದನ್ನೂ ಬರೆಯಬೇಕು. ಏನೂ ಬರೆಯದೆ ಹಾಕಿದ ಸಹಿ, ಎಲ್ಲ ಸರಿಯಾಗಿ ತಲುಪಿತು ಎಂಬುದಕ್ಕೆ ಸಾಗಣೆದಾರರ ಕೈಯಲ್ಲಿ ಪುರಾವೆಯಾಗುತ್ತದೆ.

ಪೆಟ್ಟಿಗೆ ಸಿಗದೇ ಹೋಗಿದ್ದರೆ? ಇದನ್ನು ಬುಕ್ ಮಾಡುವಾಗಲೇ ಯೋಚಿಸಬೇಕು. 2011ರ ನಿಯಮಗಳ ಪ್ರಕಾರ, ಹೆಚ್ಚಿನ ಬೆಲೆಯ ಹೊಣೆಗೆ ಹೆಚ್ಚಿನ ದರ ಒಪ್ಪಿ ಬರೆಸದಿದ್ದರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಈ ಪ್ರಸಂಗದಲ್ಲಿ 18 ಪೆಟ್ಟಿಗೆಯೂ ಕಳೆದುಹೋಗಿದ್ದರೆ, 1,20,000 ರೂಪಾಯಿಯ ಆಟಿಕೆಗೆ ಕೇಳಬಹುದಾದದ್ದು 27,000 ರೂಪಾಯಿ ಮಾತ್ರ. ಬೆಲೆಬಾಳುವ ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಮಾಡಿಸುವುದು ಇದಕ್ಕಾಗಿ.

ಪರಿಹಾರಕ್ಕೆ ದಾವೆ ಹೂಡುವ ಮೊದಲು ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಲೇಬೇಕು, ಅದಕ್ಕೆ ಕಾಯ್ದೆ ಕೊಟ್ಟಿರುವ ಗಡುವು 180 ದಿನ. ಆ ದಿನಗಳನ್ನು ಎಣಿಸುವುದು ಸರಕು ಕಾಣೆಯಾದದ್ದು ತಿಳಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. "ಹುಡುಕ್ತಾ ಇದ್ದೀವಿ, ಸಿಗುತ್ತೆ" ಎಂಬ ಮಾತು ಕೇಳುತ್ತ ತಿಂಗಳುಗಳು ಉರುಳಿದರೆ ಈ ಅವಕಾಶವೇ ಕೈತಪ್ಪುತ್ತದೆ. ಎಲ್.ಆರ್. ಮೇಲಿರುವ ತಾರೀಕನ್ನು ನೋಡಿಕೊಂಡು, ಹುಡುಕಾಟ ನಡೆಯುತ್ತಿರುವಾಗಲೇ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಬಿಡಿ.